ಹೆಜ್ಜೆ ಎಲ್ಲಿ ಹೋಯ್ತು?

ಏಪ್ರಿಲ್ ತಿಂಗಳ ಮಧ್ಯಾಹ್ನ. ತೀರ್ಥಹಳ್ಳಿಯ ಹತ್ತಿರ ತುಂಗೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಸುಮಂತ ಒದ್ದೆ ಕಾಲಿನಿಂದ ಬಂಡೆಯ ಮೇಲೆ ಹೆಜ್ಜೆ ಊರಿದ. ತಿರುಗಿ ನೋಡುವಷ್ಟರಲ್ಲಿ ಒಂದು ಹೆಜ್ಜೆಯೂ ಇಲ್ಲ!

"ಅಕ್ಕಾ, ನನ್ನ ಹೆಜ್ಜೆ ಎಲ್ಲಿ ಹೋಯ್ತು?"

"ಆವಿಯಾಗಿ ಮೇಲೆ ಹೋಯ್ತು, ಮಗಾ," ಅಂದಳು ತುಂಗೆ. "ಆವಿ ಕಣ್ಣಿಗೆ ಕಾಣುವುದಿಲ್ಲ."

"ಮೋಡ ಕಾಣುತ್ತಲ್ಲ?" ಅಂದಳು ಅಕ್ಕ ಭೂಮಿಕಾ.

"ಮೋಡ ಅಂದರೆ ಆವಿಯಲ್ಲ ಕೂಸೇ, ಸಣ್ಣಸಣ್ಣ ಹನಿಗಳ ಗುಂಪು. ಅರಬ್ಬಿ ಸಮುದ್ರದಿಂದ ಎದ್ದ ಆವಿಯನ್ನು ಜೂನ್ ತಿಂಗಳ ಗಾಳಿ ಹೊತ್ತು ತರುತ್ತದೆ. ಆಗುಂಬೆ ಘಟ್ಟ ಅಡ್ಡ ಬಂದಾಗ ಗಾಳಿ ಮೇಲೇರಲೇಬೇಕು. ಏರಿದಷ್ಟೂ ತಂಪು. ತಂಪಾದ ಆವಿ ಧೂಳಿನ ಕಣವನ್ನೋ ಉಪ್ಪಿನ ಕಣವನ್ನೋ ಹಿಡಿದುಕೊಂಡು ಹನಿಯಾಗುತ್ತದೆ. ಹನಿಗೆ ಹನಿ ಕೂಡಿ ಭಾರವಾದಾಗ ಮಳೆ."

"ಈಗ ಮಳೆಯೇ ಇಲ್ಲ. ನೀನು ಹೇಗೆ ಹರೀತಿದ್ದೀ?"

ತುಂಗೆಗೆ ಈ ಪ್ರಶ್ನೆ ತುಂಬ ಇಷ್ಟವಾಯಿತು. "ಹೋದ ಮಳೆಗಾಲದಲ್ಲಿ ಕಾಡಿನ ಮಣ್ಣು ನೀರು ಕುಡಿದಿತ್ತು. ಒಣಗಿದೆಲೆ, ಬೇರು, ಮಣ್ಣಿನ ಸಂದುಗಳಲ್ಲಿ ಇಳಿದ ನೀರು ಒರತೆಯಾಗಿ ನಿಧಾನಕ್ಕೆ ಹೊರಬರುತ್ತದೆ. ನಿಮ್ಮ ಬಾವಿಯಲ್ಲಿರುವುದೂ ಇಂಥದೇ ನೀರು. ಕಾಡು ಬೋಳಾದರೆ ಮಳೆನೀರು ಮಣ್ಣನ್ನೂ ಎಳೆದುಕೊಂಡು ಒಮ್ಮೆಲೇ ಓಡಿಬಿಡುತ್ತದೆ. ಆಮೇಲೆ ಬೇಸಿಗೆಗೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ."

"ಸಮುದ್ರದ ನೀರು ಉಪ್ಪು. ಮಳೆ ಯಾಕೆ ಸಪ್ಪೆ?" ಸುಮಂತ ಬಿಡಲಿಲ್ಲ.

"ನೀವೇ ನೋಡಿ. ಅಗಲದ ಬೋಗುಣಿಗೆ ಎರಡು ಲೋಟ ನೀರು, ಎರಡು ಚಮಚ ಉಪ್ಪು. ನಡುವೆ ಖಾಲಿ ಲೋಟ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಕಟ್ಟಿ, ಲೋಟದ ನೇರಕ್ಕೆ ಒಂದು ಸಣ್ಣ ಕಲ್ಲಿಡಿ. ನಾಲ್ಕು ಗಂಟೆ ಬಿಸಿಲು."

ಮರುದಿನ ಇಬ್ಬರೂ ಹಾಗೇ ಮಾಡಿದರು. ಸಂಜೆಗೆ ಲೋಟ ಒಣಗಿಯೇ ಇತ್ತು.

"ಹಾಳೆಯ ಅಂಚು ಸಡಿಲ. ಆವಿ ತಪ್ಪಿಸಿಕೊಂಡಿತು," ಅಂದಳು ತುಂಗೆ. "ಲೋಟವೂ ಎತ್ತರ, ಹಾಳೆಗೆ ತಾಗುತ್ತಿದೆ. ಹಾಳೆ ನಡುವೆ ತಗ್ಗಿದರೆ ತಾನೇ ಹನಿ ಜಾರಿ ಬರುವುದು?"

ಮೂರನೆಯ ದಿನ ಗಿಡ್ಡ ಲೋಟ ಇಟ್ಟರು, ಅಂಚಿಗೆ ಬಿಗಿಯಾಗಿ ದಾರ ಸುತ್ತಿದರು. ಹಾಳೆಯ ಅಡಿಯಲ್ಲಿ ಮಂಜು ಕೂತಿತು, ಹನಿಯಾಯಿತು, ಕಲ್ಲಿನ ಕಡೆಗೆ ಜಾರಿತು, ಟಪ್! ಸಂಜೆ ಲೋಟದ ತಳದಲ್ಲಿ ಒಂದೆರಡು ಚಮಚ ನೀರು. ಸುಮಂತ ಬೆರಳದ್ದಿ ನೆಕ್ಕಿದ. ಸಪ್ಪೆ! ಭೂಮಿಕಾ ಬೋಗುಣಿಯ ನೀರು ನೆಕ್ಕಿ ಮುಖ ಕಿವುಚಿದಳು.

"ಉಪ್ಪೆಲ್ಲ ಇಲ್ಲೇ ಇದೆ! ನೀರು ಮಾತ್ರ ಮೇಲೆ ಹೋಗಿದ್ದು!"

"ಈಗ ಈ ನೀರು ಎಲ್ಲಿಗೆ ಹೋಗ್ಬೇಕು?" ಸುಮಂತ ಕೇಳಿದ.

"ಕೂಡಲಿಯಲ್ಲಿ ಭದ್ರೆ ಸಿಗುತ್ತಾಳೆ. ಇಬ್ಬರೂ ತುಂಗಭದ್ರೆಯಾಗಿ ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಗೆ ಹೋಗುತ್ತೇವೆ. ಬಂದದ್ದು ಪಡುವಣ ಕಡಲಿನಿಂದ, ಹೋಗುವುದು ಮೂಡಣ ಕಡಲಿಗೆ. ದಾರಿಯಲ್ಲೇ ಆವಿಯಾಗುವ ಹನಿಗಳೂ ಇವೆ, ಗದ್ದೆಗೆ ಹೋಗುವ ಹನಿಗಳೂ ಇವೆ."

ಸುಮಂತ ಲೋಟವನ್ನು ಮೆಲ್ಲಗೆ ಹೊಳೆಗೆ ಬಗ್ಗಿಸಿ, ಕೈ ಬೀಸಿದ.

"ಹೋಗಿ ಬಾ!"