ಡಿಸೆಂಬರ್ 8ರ ಪರೀಕ್ಷೆಗೆ ಓದುವ ಪ್ಲ್ಯಾನ್

ಪುಟ್ಟಾ, ನೀನು ಕಳಿಸಿದ ಎರಡೂ ಸ್ಕ್ರೀನ್‌ಶಾಟ್ ನೋಡಿದೆ. ಟೈಮ್‌ಟೇಬಲ್ ಹೀಗಿದೆ, ಶಾಲೆಯ ನೋಟಿಸ್ ಬೋರ್ಡಿನ ಜೊತೆ ಒಮ್ಮೆ ತಾಳೆ ನೋಡಿಬಿಡು:

8 ಸೋಮ – ಕನ್ನಡ
10 ಬುಧ – ಗಣಿತ
11 ಗುರು – ಇಂಗ್ಲಿಷ್
12 ಶುಕ್ರ – ಸಮಾಜ
15 ಸೋಮ – ವಿಜ್ಞಾನ
16 ಮಂಗಳ – ಹಿಂದಿ

ಕನ್ನಡ 100 ಅಂಕ, ಉಳಿದವು 80.

ಗಣಿತಕ್ಕೆ ಮುಂಚೆ ಮಂಗಳವಾರ ಪೂರ್ತಿ ಸಿಗುತ್ತೆ. ವಿಜ್ಞಾನಕ್ಕೆ ಶನಿವಾರ, ಭಾನುವಾರ ಎರಡೂ ಇವೆ. ಸಮಾಜಕ್ಕೆ ಮಾತ್ರ ಏನೂ ಇಲ್ಲ, ಗುರುವಾರ ಇಂಗ್ಲಿಷ್ ಬರೆದು ಸುಸ್ತಾಗಿ ಬಂದ ಮೇಲಿನ ಒಂದು ಸಂಜೆ ಅಷ್ಟೇ. ಪೋರ್ಷನ್ ಹೆಚ್ಚಿರೋದೂ ಅದಕ್ಕೇ. ‘ಸಮಾಜ ಕೊನೆಗೆ ಓದ್ಕೊಂಡ್ರಾಯ್ತು’ ಅಂದಿದ್ದೀಯಲ್ಲ, ಈ ಸಲ ಅದು ಆಗಲ್ಲ. ನಾಳೆಯಿಂದ ಮೊದಲು ಹಿಡಿಯೋದೇ ಸಮಾಜ.

ಪೋರ್ಷನ್ ಸ್ಕ್ರೀನ್‌ಶಾಟ್ ಕೆಳಗೆ ಕಟ್ ಆಗಿದೆ. ವಿಜ್ಞಾನದಲ್ಲಿ ‘ಜೀವಕ್ರಿಯೆಗಳು’ ಆದಮೇಲೆ ಇನ್ನೊಂದು ಸಾಲು ಅರ್ಧ ಕಾಣುತ್ತೆ, ‘ನಿಯಂತ್ರಣ ಮತ್ತು ಸಹಭಾಗಿತ್ವ’ ಇರಬೇಕು. ಸರ್ ಹತ್ರ ಕೇಳು. ಸದ್ಯಕ್ಕೆ ಅದೂ ಇದೆ ಅಂತಲೇ ಲೆಕ್ಕ ಹಾಕಿದ್ದೀನಿ.

ಅಡಿಕೆ ಕೊಯ್ಲು ಶುರುವಾಗಿದೆ, ರಾತ್ರಿ ಮನೆ ತುಂಬ ಸುಲಿಯೋರ ಮಾತುಕತೆ ಇರುತ್ತೆ. ಅದಕ್ಕೇ ತಲೆ ಓಡಿಸಬೇಕಾದ್ದನ್ನೆಲ್ಲ ಬೆಳಿಗ್ಗೆ 5ರಿಂದ 7ಕ್ಕೆ ಇಟ್ಟಿದ್ದೀನಿ, ಒಂದು ಗಂಟೆ ಸಮಾಜ, ಒಂದು ಗಂಟೆ ಗಣಿತ. ರಾತ್ರಿ 8ರಿಂದ 9:30 ಗಲಾಟೆಯಲ್ಲೂ ಆಗುವಂಥ ಕೆಲಸ: ಚಿತ್ರ ಬಿಡಿಸೋದು, ಕಂಠಪಾಠದ ಪದ್ಯ, ಹಿಂದಿ ಮತ್ತು ಇಂಗ್ಲಿಷ್ ಪ್ರಶ್ನೋತ್ತರ. ಅಪ್ಪನಿಗೆ ನಾನು ಹೇಳಿದ್ದೀನಿ, ಪರೀಕ್ಷೆ ಮುಗಿಯೋ ತನಕ ನಿನ್ನನ್ನ ಸುಲಿಯೋಕೆ ಕರೆಯಲ್ಲ.

ಸಮಾಜ, ನವೆಂಬರ್ 22ರಿಂದ 27: ದಿನಕ್ಕೊಂದು ಇತಿಹಾಸದ ಪಾಠ. ಯುರೋಪಿಯನ್ನರ ಆಗಮನ, ಬ್ರಿಟಿಷ್ ಆಳ್ವಿಕೆಯ ವಿಸ್ತರಣೆ, ಅದರ ಪರಿಣಾಮಗಳು, ಕರ್ನಾಟಕದ ಪ್ರತಿರೋಧಗಳು, ಸುಧಾರಣಾ ಚಳವಳಿಗಳು, 1857. ಓದಿ ಮುಗಿಸಿದ ತಕ್ಷಣ ಪುಸ್ತಕ ಮುಚ್ಚಿ ಅರ್ಧ ಪುಟ ಬರಿ. 1757 ಪ್ಲಾಸಿ, 1764 ಬಕ್ಸಾರ್ ಅಂತ ಇಸವಿ ಮಾತ್ರ ಉರು ಹೊಡೆದರೆ ಸಾಲದು. ಬಕ್ಸಾರ್ ಆದಮೇಲೆ ಕಂಪನಿಗೆ ಬಂಗಾಳದ ದಿವಾನಿ ಹಕ್ಕು ಹೇಗೆ ಬಂತು ಅನ್ನೋದನ್ನ ನಿನ್ನ ಮಾತಲ್ಲಿ ನಾಲ್ಕು ಸಾಲು ಬರೆಯೋಕೆ ಬರಬೇಕು. ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿ, ಡಾಲ್‌ಹೌಸಿಯ ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿ ಇವೆರಡನ್ನ ನೀನು ಕಲಸುಮೇಲೋಗರ ಮಾಡ್ತೀಯ, ಅಕ್ಕಪಕ್ಕ ಬರೆದು ಗೋಡೆಗೆ ಅಂಟಿಸು. 28ಕ್ಕೆ ಹೊಸದೇನೂ ಬೇಡ, ಬರೀ ಬರೆದು ನೋಡು. 29, 30: ಮಣ್ಣು, ಜಲ ಸಂಪನ್ಮೂಲ. ಅವತ್ತಿಂದ ದಿನಾ ರಾತ್ರಿ ಒಂದು ಭಾರತದ ನಕ್ಷೆ, ಟ್ರೇಸ್ ಮಾಡದೆ.

ಗಣಿತ: 22, 23 ಸಮಾಂತರ ಶ್ರೇಢಿ. aₙ = a + (n − 1)d ನಿನಗೆ ಬರುತ್ತೆ, ಮೊತ್ತದ ಲೆಕ್ಕ ಮಾತ್ರ ಮಾಡು. 24ರಿಂದ 27 ತ್ರಿಭುಜಗಳು, ನಾಲ್ಕು ದಿನ ಬೇಕೇ ಬೇಕು. ಥೇಲ್ಸ್ ಪ್ರಮೇಯವನ್ನ ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಕ್ರಮವಾಗಿ ದಿನಕ್ಕೊಂದು ಸಲ ಬರಿ. ಚಿತ್ರ ಸ್ಕೇಲ್, ಪೆನ್ಸಿಲ್‌ನಲ್ಲೇ. 28, 29 ವೃತ್ತಗಳು. 30 ಗ್ರಾಫ್ ಲೆಕ್ಕಗಳು. ಡಿಸೆಂಬರ್ 1, 2 ವರ್ಗ ಸಮೀಕರಣ.

ಡಿಸೆಂಬರ್ 1ರಿಂದ 4: ಸಮಾಜದ ಗಂಟೆ ವಿಜ್ಞಾನಕ್ಕೆ. ರಾಸಾಯನಿಕ ಸಮೀಕರಣ ಸರಿದೂಗಿಸೋದು, ಬೆಳಕು, ಜೀವಕ್ರಿಯೆ, ಆಮೇಲೆ ಆ ಕಟ್ ಆದ ಪಾಠ. ಹೃದಯ, ನೆಫ್ರಾನ್, ಪೀನ ಮಸೂರದ ಕಿರಣ ಚಿತ್ರ ಇವೆಲ್ಲ ರಾತ್ರಿ ಕೆಲಸ. ಕಿರಣಕ್ಕೆ ಬಾಣದ ಗುರುತು ಹಾಕೋದು ಮರೀಬೇಡ. ಗಣಿತದ ಗಂಟೆ 3, 4ಕ್ಕೆ ಖಾಲಿ ಉಳಿಯುತ್ತೆ, ಯಾವುದು ಹಿಂದೆ ಬಿದ್ದಿದೆಯೋ ಅದಕ್ಕೆ.

5ರಿಂದ 7 ಕನ್ನಡ. ಪಾಠಗಳು ನಿನಗೆ ಸಲೀಸು, ಛಂದಸ್ಸು ಅಲ್ಲ. ದಿನಕ್ಕೆರಡು ಸಾಲು ಪ್ರಸ್ತಾರ ಹಾಕು. 7ರ ರಾತ್ರಿ ಏನೂ ಓದಬೇಡ, ಹಾಲ್ ಟಿಕೆಟ್, ಜಾಮಿಟ್ರಿ ಬಾಕ್ಸ್ ಎತ್ತಿಟ್ಟು 9ಕ್ಕೇ ಮಲಗು.

ಪರೀಕ್ಷೆ ನಡುವೆ: 9 ಪೂರ್ತಿ ಗಣಿತ, ಮಾಡಿದ ಲೆಕ್ಕಗಳನ್ನೇ ಮತ್ತೆ. 10ರ ಸಂಜೆ ಇಂಗ್ಲಿಷ್. 11ರ ಸಂಜೆ ಸಮಾಜಕ್ಕೆ ಪುಸ್ತಕ ತೆಗೀಬೇಡ, ನೀನೇ ಬರೆದ ಅರ್ಧರ್ಧ ಪುಟ ಸಾಕು. 13, 14 ವಿಜ್ಞಾನ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಹಿಂದಿಗೆ ತೆಗೆದಿಡು, ಸೋಮವಾರ ಒಂದೇ ಸಂಜೆ ಸಾಲದು.

ಒಂದು ದಿನ ತಪ್ಪಿದರೆ ಮಾರನೇ ದಿನಕ್ಕೆ ಎರಡೆರಡು ತುರುಕಬೇಡ, ನನಗೆ ಮೆಸೇಜ್ ಹಾಕು, ಬದಲಾಯಿಸಿ ಕಳಿಸ್ತೀನಿ. ನಾಳೆ ಶನಿವಾರ, ಮಧ್ಯಾಹ್ನವೇ ಶಾಲೆ ಬಿಡುತ್ತೆ. ಅಷ್ಟರೊಳಗೆ ಸರ್ ಹತ್ರ ಆ ಸಾಲು ಕೇಳಿ ಹೇಳು. ಪಾಠ ಪೋರ್ಷನ್‌ನಲ್ಲಿ ಇಲ್ಲ ಅಂದರೆ 4ನೇ ತಾರೀಕು ಬೆಳಿಗ್ಗೆ ವಿಜ್ಞಾನದ ಬದಲು ತ್ರಿಕೋನಮಿತಿ ಹಾಕ್ತೀನಿ. ಈಗಿನ ಲೆಕ್ಕದಲ್ಲಿ ಅದಕ್ಕೆ ಸಿಕ್ಕಿರೋದು 3, 4ರ ಖಾಲಿ ಗಂಟೆಗಳು ಮತ್ತು 9ನೇ ತಾರೀಕು ಮಾತ್ರ.