ಬಾಯಿ ಸಿಹಿ ಮಾಡೋಣ ಬಾ: ಮೂಲೆ ಅಂಗಡಿಯ ಜಿಂಗಲ್

ಅಣ್ಣ, ಅತ್ತಿಗೆ,

ನಿಮ್ಮ ಸಿಹಿತಿಂಡಿ ಅಂಗಡಿಗೆ ಬೇಕು ಅಂತ ನೀವು ಕೇಳಿದ ಜಾಹೀರಾತಿನ ಹಾಡು ಇಲ್ಲಿದೆ. ಬೋರ್ಡಿನ ಮೇಲಿರುವ ಉದ್ದದ ಹೆಸರನ್ನು ನಾನು ಇದರಲ್ಲಿ ಬಳಸಿಲ್ಲ. ಬೀದಿಯಲ್ಲಿ ಯಾರನ್ನೇ ಕೇಳಿ, ‘ಮೂಲೆ ಅಂಗಡಿ’ ಅಂತಲೇ ಹೇಳುತ್ತಾರೆ. ಮಕ್ಕಳಿಂದ ಅಜ್ಜಂದಿರವರೆಗೆ ಎಲ್ಲರ ಬಾಯಲ್ಲೂ ಈಗಾಗಲೇ ಇರುವ ಹೆಸರು ಅದು. ಹಾಡಿನಲ್ಲೂ ಅದೇ ಇರಲಿ.

ಮೊದಲು ಪೂರ್ತಿ ಹಾಡು. ಹಾಡಿದರೆ ಸುಮಾರು 45 ಸೆಕೆಂಡ್.

ಮುಖ್ಯ ಹಾಡು

(ಬಾಣಲೆ ಅಂಚಿಗೆ ಸೌಟು ತಟ್ಟುವ ಸದ್ದು: ಟಣ್ ಟಣ್… ಟಣ್!)

ಮಗು: ಏನಮ್ಮಾ ಘಮ ಘಮ?
ಅಮ್ಮ: ಮೂಲೆ ಅಂಗಡಿ ಘಮ!

ಎಲ್ಲರೂ:
ಬಾಯಿ ಸಿಹಿ ಮಾಡೋಣ ಬಾ,
ಮೂಲೆ ಅಂಗಡಿಗೆ ಹೋಗೋಣ ಬಾ!

ಮಳೆಹನಿ ಹಾಗೆ ಉದುರಿತು ಬೂಂದಿ,
ಎಳೆಪಾಕದಲಿ ಮುಳುಗಿತು ಬೂಂದಿ,
ಅಂಗೈಯೊಳಗೆ ಉರುಳಿತು ಉರುಳಿತು
ಲಾಡು! ಲಾಡು! ಲಾಡು!

ಬಾಯಿ ಸಿಹಿ ಮಾಡೋಣ ಬಾ,
ಮೂಲೆ ಅಂಗಡಿಗೆ ಹೋಗೋಣ ಬಾ!

ಸುತ್ತಿ ಸುತ್ತಿ ಜಿಲೇಬಿ ಬಂತು,
ಎತ್ತಿ ಪಾಕಕೆ ಹಾಕಿದ್ದಾಯ್ತು,
ಕಚ್ಚಿದ ಕೂಡಲೇ ಬಾಯಿ ತುಂಬ ರಸ
ಇನ್ನೂ! ಇನ್ನೂ! ಇನ್ನೂ!

ಬಾಯಿ ಸಿಹಿ ಮಾಡೋಣ ಬಾ,
ಮೂಲೆ ಅಂಗಡಿಗೆ ಹೋಗೋಣ ಬಾ!

ಪಾಸಾದಳಂತೆ ಮಗಳು, ಬಾ!
ಕೆಲಸ ಸಿಕ್ಕಿತಂತೆ, ಬಾ!
ತೊಟ್ಟಿಲು ತೂಗಿತಂತೆ, ಬಾ!
ಏನೂ ಇಲ್ವಾ? ಸುಮ್ನೆ ಬಾ!

(ಸೌಟಿನ ಸದ್ದು: ಟಣ್!)

ಅತ್ತಿಗೆಯ ದನಿ, ಹಾಡದೆ, ಮಾತಿನಲ್ಲಿ:
ಮೂಲೆ ಅಂಗಡಿ. ತಿರುಗಿದರೆ ಸಿಹಿ!

---

‘ಬಾ’ ಅಂದರೆ ಗಿರಾಕಿಗಳಿಗೆ ಏಕವಚನ ಆಗುವುದಿಲ್ವಾ ಅಂತ ಅಣ್ಣ ಕೇಳಬಹುದು. ಅದಕ್ಕೇ ಶುರುವಿನಲ್ಲಿ ಅಮ್ಮ ಮಗುವಿನ ಮಾತು ಇಟ್ಟಿದ್ದೇನೆ. ಅಮ್ಮ ಮಗುವನ್ನು ‘ಬಾ’ ಅನ್ನುತ್ತಾಳೆ, ಗೆಳತಿ ಗೆಳತಿಯನ್ನು ಅನ್ನುತ್ತಾಳೆ. ಅಂಗಡಿಯವರು ತಾವಾಗಿ ಮಾತಾಡುವ ಕಡೆ ‘ಬನ್ನಿ’ ಅಂತಲೇ ಬರುತ್ತದೆ. ಇದನ್ನು ಬದಲಿಸಬೇಡಿ. ‘ಮಾಡೋಣ ಬನ್ನಿ’ ಅಂದರೆ ಸಭೆಗೆ ಕರೆದ ಹಾಗೆ ಕೇಳುತ್ತದೆ, ಆ ಸಲಿಗೆ ಹೊರಟುಹೋಗುತ್ತದೆ.

ನನಗೆ ಇಡೀ ಹಾಡಿನಲ್ಲಿ ತುಂಬ ಇಷ್ಟವಾದ ಸಾಲು ‘ಏನೂ ಇಲ್ವಾ? ಸುಮ್ನೆ ಬಾ!’ ಒಳ್ಳೆ ಸುದ್ದಿ ಬಂದಾಗ ಜನ ಹೇಗೂ ಬರುತ್ತಾರೆ. ಮಾಮೂಲಿ ಮಂಗಳವಾರ ಸಂಜೆ, ಕೆಲಸ ಮುಗಿಸಿ ದಣಿದು ಮನೆಗೆ ಹೋಗುವವರೂ ಒಂದು ಜಿಲೇಬಿ ತಿಂದು ಹೋಗಬೇಕು. ಆ ಮನುಷ್ಯನಿಗಾಗಿ ಬರೆದ ಸಾಲು ಇದು. ಹಾಡುವಾಗ ‘ಏನೂ ಇಲ್ವಾ?’ ಆದ ಮೇಲೆ ಒಂದು ಬಡಿತ ಬಿಡಿ. ಆಮೇಲೆ ನಗುತ್ತಾ ‘ಸುಮ್ನೆ ಬಾ!’

ರಾಗಕ್ಕೆ ಮೋಹನ ಹಿಡಿದಿದ್ದೇನೆ. ಐದೇ ಸ್ವರ, ಮಕ್ಕಳ ಗಂಟಲಿಗೆ ಸುಲಭ. ನಾಲ್ಕು ಚಪ್ಪಾಳೆಗೆ ಒಂದು ಸಾಲು, ನಿಮಿಷಕ್ಕೆ 120 ಬಡಿತ. ಪಲ್ಲವಿಯ ಸ್ವರ ಹೀಗೆ:

ಬಾ ಯಿ ಸಿ ಹಿ ಮಾ ಡೋ ಣ ಬಾ
ಗ ಪ ದ ಪ ಗ ಪ ದ ಪ

ಮೂ ಲೆ ಅಂ ಗ ಡಿ ಗೆ ಹೋ ಗೋ ಣ ಬಾ
ಗ ಪ ದ ದ ಪ ಪ ಗ ರಿ ರಿ ಸ

ಮೊದಲ ಸಾಲು ಪಂಚಮದಲ್ಲಿ ನಿಲ್ಲುತ್ತದೆ, ಕರೆದು ಕಾಯುವ ಹಾಗೆ. ಎರಡನೆಯದು ಷಡ್ಜಕ್ಕೆ ಇಳಿದು ಅಂಗಡಿಗೆ ಬಂದು ಸೇರುತ್ತದೆ.

‘ಮಳೆ–ಎಳೆ’, ‘ಸುತ್ತಿ–ಎತ್ತಿ’ ನೋಡಿ. ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಕೂಡಿಸುವುದು ನಮ್ಮ ಹಳೆ ಪದ್ಯಗಳ ಅಭ್ಯಾಸ. ಸಾಲಿನ ತುದಿಯ ಪ್ರಾಸಕ್ಕಿಂತ ಇದು ನಾಲಿಗೆಗೆ ಬೇಗ ಹತ್ತುತ್ತದೆ. ಮರೆತರೂ ಮೊದಲ ಪದ ಸಿಕ್ಕಿದರೆ ಉಳಿದದ್ದು ತಾನೇ ಬರುತ್ತದೆ.

ಹತ್ತು ಸೆಕೆಂಡಿನದು (ವಾಟ್ಸಾಪ್ ಸ್ಟೇಟಸ್‌ಗೆ, ಅಂಗಡಿ ಫೋನಿನ ಕಾಲರ್ ಟ್ಯೂನ್‌ಗೆ)

ಏನಮ್ಮಾ ಘಮ ಘಮ?
ಮೂಲೆ ಅಂಗಡಿ ಘಮ!
ಬಾಯಿ ಸಿಹಿ ಮಾಡೋಣ ಬಾ,
ಮೂಲೆ ಅಂಗಡಿಗೆ ಹೋಗೋಣ ಬಾ!
(ಟಣ್!)
ತಿರುಗಿದರೆ ಸಿಹಿ!

ಶನಿವಾರದ ಚರಣ (ಮೈಸೂರು ಪಾಕ್ ಮಾಡುವ ದಿನ, ಜಿಲೇಬಿಯ ಜಾಗದಲ್ಲಿ)

ಕಡಲೆ ಹಿಟ್ಟಿಗೆ ಬಿಸಿ ಬಿಸಿ ತುಪ್ಪ,
ಬಿಡದೆ ತಿರುವಿದರೆ ನೊರೆ ಉಕ್ಕಿತಪ್ಪ,
ಗೂಡು ಗೂಡಿನ ಮೈಸೂರು ಪಾಕು
ಸಾಕಾ? ಬೇಕು! ಬೇಕು!

ಅಣ್ಣ ಬಾಣಲೆ ಮುಂದೆ ನಿಂತು ಸೌಟು ಸೌಟು ತುಪ್ಪ ಹಾಕುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕಾದ ತುಪ್ಪ ಬಿದ್ದಾಗ ಹಿಟ್ಟು ‘ಸುಂಯ್’ ಅಂತ ನೊರೆಯಾಗಿ ಏಳುತ್ತದಲ್ಲ, ಆ ನೊರೆಯೇ ತಣಿದ ಮೇಲೆ ಗೂಡು ಗೂಡಾಗಿ ಉಳಿಯುವುದು. ಆ ಸುಂಯ್ ಸದ್ದನ್ನೇ ಈ ಚರಣದ ಮುಂಚೆ ರೆಕಾರ್ಡ್ ಮಾಡಿ ಹಾಕೋಣ. ಯಾವ ವಾದ್ಯದಲ್ಲೂ ಅದು ಸಿಗುವುದಿಲ್ಲ.

ತುಪ್ಪ ಅಂತ ಹಾಡಿದ ಮೇಲೆ ಆ ದಿನ ಬಾಣಲೆಯಲ್ಲಿ ತುಪ್ಪವೇ ಇರಬೇಕು. ನಿಮ್ಮಲ್ಲಿ ಇರುತ್ತದೆ, ಗೊತ್ತು. ‘ಶುದ್ಧ’, ‘ಅಸಲಿ’, ‘ನಂಬರ್ ಒನ್’ ಅನ್ನುವ ಪದಗಳನ್ನು ಮಾತ್ರ ಬೇಕಂತಲೇ ಬಿಟ್ಟಿದ್ದೇನೆ. ಅವನ್ನು ಎಲ್ಲರೂ ಕೂಗುತ್ತಾರೆ. ಬೂಂದಿ ಹೇಗೆ ಉದುರುತ್ತದೆ ಅಂತ ಹಾಡಿದರೆ ಕೇಳಿದವರಿಗೆ ಕಣ್ಣಿಗೇ ಕಾಣುತ್ತದೆ. ತಿನಿಸಿನ ಜಾಹೀರಾತಿನಲ್ಲಿ ‘ಶುದ್ಧ’ದಂಥ ಪದಗಳನ್ನು ಹೇಗೆ ಬೇಕೋ ಹಾಗೆ ಬಳಸದಂತೆ 2018ರ ಎಫ್‌ಎಸ್‌ಎಸ್‌ಎಐ ನಿಯಮವೂ ಇದೆ.

ಹಬ್ಬದ ಚರಣಗಳು (ಇವೂ ಜಿಲೇಬಿಯ ಜಾಗದಲ್ಲೇ)

*ಸಂಕ್ರಾಂತಿ*
ಎಳ್ಳು ಬೆಲ್ಲ ಬೆರೆಸಿದ್ದಾಯ್ತು,
ಕೊಳ್ಳಿರಿ, ಕೊಬ್ಬರಿ ಸೇರಿದ್ದಾಯ್ತು,
ಸಕ್ಕರೆ ಅಚ್ಚಲಿ ಗಿಳಿಯೂ ಬಂತು
ಬನ್ನಿ! ಬನ್ನಿ! ಬನ್ನಿ!

*ಯುಗಾದಿ*
ಬೇವಿನ ಎಲೆಗೆ ಬೆಲ್ಲದ ಜೋಡಿ,
ಹೂರಣ ತುಂಬಿ ತೆಳ್ಳಗೆ ಮಾಡಿ,
ಕಾವಲಿ ಮೇಲೆ ಉಬ್ಬಿತು ನೋಡಿ
ಹೋಳಿಗೆ! ಹೋಳಿಗೆ! ಹೋಳಿಗೆ!

*ಗೌರಿ ಗಣೇಶ*
ಅಕ್ಕಿಯ ಹಿಟ್ಟಿನ ಬಿಸಿ ಬಿಸಿ ಕಡುಬು,
ಸಕ್ಕರೆ ತುಂಬಿದ ಕರ್ಜಿಕಾಯಿ,
ಮಕ್ಕಳಿಗೊಂದು, ಗಣಪನಿಗೊಂದು
ಕಡುಬು! ಕಡುಬು! ಕಡುಬು!

*ದೀಪಾವಳಿ*
ಮನೆ ಮನೆ ಮುಂದೆ ಹಣತೆಯ ಸಾಲು,
ಕೊನೆ ಮನೆವರೆಗೂ ಸಿಹಿಯ ಪಾಲು,
ಡಬ್ಬಿ ಕೊಡೋಣ, ಡಬ್ಬಿ ತರೋಣ
ಹಂಚು! ಹಂಚು! ಹಂಚು!

*ರಂಜಾನ್‌ಗೂ ಕ್ರಿಸ್‌ಮಸ್‌ಗೂ ಜಾತ್ರೆಗೂ ಒಪ್ಪುವುದು*
ಯಾರದೇ ಹಬ್ಬ, ಯಾವುದೇ ಹಬ್ಬ,
ಪಕ್ಕದ ಮನೆಗೂ ಇರಲೊಂದು ಡಬ್ಬ,
ಸಿಹಿಗೆ ಎಲ್ಲಿದೆ ಗೋಡೆ, ಬೇಲಿ?
ಬನ್ನಿ! ಬನ್ನಿ! ಬನ್ನಿ!

ಕೊನೆಯದನ್ನು ಅತ್ತಿಗೆ ಒತ್ತಿ ಹೇಳಿದ್ದಕ್ಕೆ ಬರೆದೆ. ಬರೆದ ಮೇಲೆ ಇದಿಲ್ಲದೆ ಹಾಡು ಪೂರ್ತಿ ಆಗುತ್ತಿರಲಿಲ್ಲ ಅನ್ನಿಸಿತು. ನಮ್ಮ ಬೀದಿಯಲ್ಲಿ ಡಬ್ಬಿ ಎಲ್ಲ ಮನೆಗೂ ಓಡಾಡುತ್ತದೆ, ಅಲ್ವಾ?

ಆಟೋ ಮೇಲೆ ಹಾಕುವುದು

ಆಟೋ ದಾಟುವಾಗ ಒಬ್ಬರಿಗೆ ಕೇಳಿಸುವುದು ಒಂದೋ ಎರಡೋ ಸಾಲು. ಅದಕ್ಕೆ ಪ್ರತಿ ಎರಡು ಸಾಲಿಗೂ ಅಂಗಡಿ ಹೆಸರು ಬರುವ ಹಾಗೆ ಮಾಡಿದ್ದೇನೆ.

ಲಾಡು ಎಲ್ಲಿ? ಜಿಲೇಬಿ ಎಲ್ಲಿ?
ಮೂಲೆಯಲ್ಲಿ, ಮೂಲೆ ಅಂಗಡಿಯಲ್ಲಿ!

ಬಿಸಿ ಬಿಸಿ ಎಲ್ಲಿ? ಘಮ ಘಮ ಎಲ್ಲಿ?
ಮೂಲೆಯಲ್ಲಿ, ಮೂಲೆ ಅಂಗಡಿಯಲ್ಲಿ!

ಮಾತಿನಲ್ಲಿ, ಅಣ್ಣನ ದನಿ:
ಅಕ್ಕಂದಿರೇ, ಅಣ್ಣಂದಿರೇ, ಸಂಜೆ 5 ಗಂಟೆಗೆ ಜಿಲೇಬಿ ಬಾಣಲೆ ಇಡುತ್ತೇವೆ. ಎಣ್ಣೆಯಿಂದ ಪಾಕಕ್ಕೆ, ಪಾಕದಿಂದ ನಿಮ್ಮ ತಟ್ಟೆಗೆ. ಯಾವ ಸಿಹಿ ಎಂದಿನವರೆಗೆ ತಿನ್ನಬಹುದು ಅಂತ ಪ್ರತಿ ತಟ್ಟೆ ಮುಂದೆ ಚೀಟಿ ಇಟ್ಟಿದ್ದೇವೆ, ಓದಿ ಕೊಳ್ಳಿ. ಮನೆ ಸಮಾರಂಭಕ್ಕೆ ಬೇಕಿದ್ದರೆ ಎರಡು ದಿನ ಮುಂಚೆ ಹೇಳಿ.

ಲಾಡು ಎಲ್ಲಿ? ಜಿಲೇಬಿ ಎಲ್ಲಿ?
ಮೂಲೆಯಲ್ಲಿ, ಮೂಲೆ ಅಂಗಡಿಯಲ್ಲಿ!
(ಟಣ್!)

ಚೀಟಿಯ ಮಾತನ್ನು ತೆಗೆಯಬೇಡಿ. ಬಿಡಿ ಸಿಹಿಗೂ ಆ ದಿನಾಂಕ ಬರೆದಿಡಬೇಕು ಅಂತ 2020ರ ಅಕ್ಟೋಬರ್ 1ರಿಂದ ನಿಯಮ ಬಂದಿತ್ತು. ನೀವು ಅಚ್ಚುಕಟ್ಟಾಗಿ ಬರೆದಿಡುತ್ತೀರಿ, ಅದನ್ನು ಹೆಮ್ಮೆಯಿಂದ ಹೇಳಿ. ಆಟೋಗೆ ಸ್ಪೀಕರ್ ಕಟ್ಟುವ ಮುಂಚೆ ಬರಹದಲ್ಲಿ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವ ಹಾಗಿಲ್ಲ. ಶಾಲೆ, ಆಸ್ಪತ್ರೆ ಹತ್ತಿರ ನಿಲ್ಲಿಸಿಬಿಡಿ.

ಮಕ್ಕಳ ಚಪ್ಪಾಳೆ ಆಟ (ಇಬ್ಬರು ಎದುರುಬದುರು ಕೂತು)

ಒಂದು ಲಾಡು, ಅಜ್ಜಿಗೆ,
ಎರಡು ಲಾಡು, ಅಜ್ಜನಿಗೆ,
ಮೂರು ಲಾಡು, ಅಪ್ಪನಿಗೆ,
ನಾಕು ಲಾಡು, ಅಮ್ಮನಿಗೆ,
ಐದನೆ ಲಾಡು ಎಲ್ಲಿ? ಎಲ್ಲಿ?
ನನ್ನ ಬಾಯಲ್ಲಿ!
ತಂದದ್ದೆಲ್ಲಿ? ತಂದದ್ದೆಲ್ಲಿ?
ಮೂಲೆ ಅಂಗಡಿಯಲ್ಲಿ!

ಇದನ್ನು ರೆಕಾರ್ಡ್ ಮಾಡುವುದೇ ಬೇಡ. ಅಂಗಡಿ ಮುಂದಿನ ಕಟ್ಟೆಯಲ್ಲಿ ಮಕ್ಕಳಿಗೆ ಒಂದು ಸಲ ಹೇಳಿಕೊಡೋಣ. ಅವರೇ ಶಾಲೆಗೆ ಒಯ್ಯುತ್ತಾರೆ.

ರೆಕಾರ್ಡಿಂಗ್‌ಗೆ ಭಾನುವಾರ ಮಧ್ಯಾಹ್ನ, ಗಿರಾಕಿ ಕಡಿಮೆ ಇರುವ ಹೊತ್ತು ಒಳ್ಳೆಯದು. ಅಮ್ಮನ ಸಾಲನ್ನು ಅತ್ತಿಗೆಯೇ ಹಾಡಲಿ. ಹಾಡುಗಾರ್ತಿ ಬೇಡ. ಕೌಂಟರ್‌ನಲ್ಲಿ ‘ಇನ್ನೇನು ಬೇಕಮ್ಮಾ?’ ಅಂತ ಕೇಳುವ ಅದೇ ದನಿ ಬೇಕು, ಅದನ್ನು ಈ ಬೀದಿ ಕಣ್ಣು ಮುಚ್ಚಿ ಗುರುತಿಸುತ್ತದೆ.

ಕೇಳದಿದ್ದರೂ ಇನ್ನೊಂದು ಬರೆದಿದ್ದೇನೆ. ರಾತ್ರಿ ಬಾಗಿಲು ಹಾಕುವ ಮುಂಚೆ, ಅಂಗಡಿ ಒಳಗೆ ಮಾತ್ರ, ಸಣ್ಣ ದನಿಯಲ್ಲಿ ಹಾಕುವುದಕ್ಕೆ. ಅದೇ ರಾಗ, ಅರ್ಧ ವೇಗ, ಚಪ್ಪಾಳೆ ಇಲ್ಲ.

ಬಾಗಿಲು ಹಾಕುವ ಹೊತ್ತು

ಒಲೆಯೂ ಆರಿತು, ಬಾಣಲೆ ತೊಳೆದಾಯ್ತು,
ನಾಳೆಯ ಹಿಟ್ಟು ಜರಡಿ ಹಿಡಿದಾಯ್ತು,
ಮನೆಗೆ ಹೋಗೋರೇ, ನಿಧಾನ ಹೋಗಿ,
ಮೂಲೆ ಅಂಗಡಿ ನಾಳೆಯೂ ಇಲ್ಲೇ.
(ಟಣ್…)