ಸುಧಾ ಕಾಕು ನಂಬರ್ ಕೊಟ್ಟಾರ

ಗುರುವಾರ, ರಾತ್ರಿ 8:40

ಪ್ರಸನ್ನ: ನಮಸ್ಕಾರ್ರಿ ಮೇಘಾ ಅವರ. ನಾ ಪ್ರಸನ್ನ, ಡೊಂಬಿವಲಿಯಿಂದ. ಸುಧಾ ಕಾಕು ನಿಮ್ಮ ನಂಬರ್ ಕೊಟ್ರು, ನಿಮ್ಮ ಅಪ್ಪಾ ಅವರೂ ಮಾತಾಡ್ರಿ ಅಂದಾರಂತ. ನಿಮಗ ಅನುಕೂಲ ಆದಾಗ ರಿಪ್ಲೈ ಮಾಡ್ರಿ, ಗಡಿಬಿಡಿ ಏನೂ ಇಲ್ಲ.

ರಾತ್ರಿ 9:25

ಮೇಘಾ: ನಮಸ್ಕಾರ್ರಿ. ಹೌದು, ಅಪ್ಪಾ ಮುಂಜಾನೆನ ಫೋನ್ ಮಾಡಿ ಹೇಳಿದ್ರು, ಇವತ್ತ ಮೆಸೇಜ್ ಬರಬಹುದು ಅಂತ. ಈಗಷ್ಟ ಆಫೀಸಿಂದ ಬಂದೆ, ಬಾಣೇರದಿಂದ ಕೋಥ್ರೂಡಕ್ಕ ಬರೋದ್ರಾಗ ಟ್ರಾಫಿಕ್ ಭಾಳ ಇತ್ತು, ಅದಕ್ಕ ತಡ ಆತು, ತಪ್ಪು ತಿಳ್ಕೋಬ್ಯಾಡ್ರಿ.

ಪ್ರಸನ್ನ: ಛೆ, ತಪ್ಪು ಯಾಕ ತಿಳ್ಕೋಳಿ. ಮೊದ್ಲು ಊಟ ಮಾಡ್ರಿ.

ಮೇಘಾ: ಅನ್ನ ಇಟ್ಟೀನಿ, ಆಗ್ಲಿಕ್ಕೆ ಹತ್ತೇದ. ಒಂದು ಕೇಳ್ಲಾ? ನೀವು ಹುಟ್ಟಿದ್ದು ಬೆಳದದ್ದು ಎಲ್ಲಾ ಡೊಂಬಿವಲಿ ಅಂತ ಬಯೋಡೇಟಾದಾಗ ಅದ, ಆದ್ರ ಕನ್ನಡ ಇಷ್ಟು ಛಲೋ ಟೈಪ್ ಮಾಡ್ತೀರಿ? ನಾ ಇಂಗ್ಲಿಷ್‌ನಾಗ ಬರೀಬೇಕೇನೋ ಅನ್ಕೊಂಡಿದ್ದೆ.

ಪ್ರಸನ್ನ: ನಮ್ಮಜ್ಜಿ ಕಲಿಸಿದ್ದು. ಸಾಲಿ ಪೂರಾ ಇಂಗ್ಲಿಷ್, ಓಣ್ಯಾಗ ಮರಾಠಿ, ಹಿಂಗಾಗಿ ಅಕ್ಷರ ಬರೋದೇ ಇಲ್ಲ ಅಂತ ಅಜ್ಜಿಗೆ ಭಾಳ ಸಂಕಟ ಆಗ್ತಿತ್ತು, ಸೂಟಿಯಾಗ ದಿನಾ ಮಧ್ಯಾಹ್ನ ಪಾಟಿ ಕೊಟ್ಟು ಕೂಡಿಸ್ತಿದ್ದಳು, ಒಂದು ಪೂರಾ ಪಾಟಿ ಕಾಗುಣಿತ ಬರದ್ರ ಒಂದು ಶೇಂಗಾ ಉಂಡಿ. ಅಕಿ ಬಿಜಾಪುರದಾಕಿ, 2014ರಾಗ ವಿಜಯಪುರ ಅಂತ ಹೆಸರು ಬದಲಾತಲ್ಲ, ಆದ್ರೂ ಕಡೀತನಕ ಬಿಜಾಪುರ ಅಂತನ ಅಂತಿದ್ದಳು. ಹೋಗಿ ಮೂರು ವರ್ಷ ಆತು. ಈಗ ಕನ್ನಡದಾಗ ಏನರೆ ಬರದ್ರ ಅಕಿ ಮಗ್ಗಲಕ್ಕ ಕೂತು ನೋಡ್ಲಿಕ್ಕೆ ಹತ್ಯಾಳ ಅನಸ್ತದ.

ಮೇಘಾ: ಓದಿ ಕಣ್ಣು ತುಂಬಿ ಬಂತ್ರಿ. ನಮ್ಮಜ್ಜಿ ಇನ್ನೂ ಇದ್ದಾಳ, ಧಾರವಾಡದಾಗ. ಪಂಚಮಿಗೆ ನಾ ಹೋಗ್ಲಿಲ್ಲಂದ್ರ ಉಂಡಿ ಡಬ್ಬಿ ಯಾರರೆ ಬರೋರ ಕೈಯಾಗ ಕೊಟ್ಟು ಕಳಸ್ತಾಳ. ಮೊದ್ಲು ರಾತ್ರಿ ಬಸ್ ಹಿಡದು ಮುಂಜಾನೆ ಹೋಗಿ ಇಳೀತಿದ್ದೆ, 2024ರ ಸೆಪ್ಟೆಂಬರದಾಗ ಹುಬ್ಬಳ್ಳಿ ವಂದೇ ಭಾರತ್ ಶುರು ಆದಾಗಿಂದ ಹಗಲೊತ್ತಿನಾಗ ಕೂತು ಹೋಗ್ತೀನಿ, ವಾರಕ್ಕ ಮೂರೇ ದಿನ ಅದ, ಆದ್ರೂ ನನಗ ಅದು ಭಾಳ ಆಸರ ಆಗೇದ. ಅನ್ನ ಆತು, ಉಂಡು ಬರ್ತೀನಿ. ನಾಳೆ ಮಾತಾಡೋಣ?

ಪ್ರಸನ್ನ: ಖಂಡಿತ. ಶುಭರಾತ್ರಿ.

ಶುಕ್ರವಾರ, ರಾತ್ರಿ 9:50

ಪ್ರಸನ್ನ: ಊಟ ಆತೇನ್ರಿ?

ಮೇಘಾ: ಆತು. ನಿಮ್ದು?

ಪ್ರಸನ್ನ: ಆತು. ಜ್ವಾಳದ ರೊಟ್ಟಿ, ಎಣ್ಣಿಗಾಯಿ. ಅವ್ವ ಶುಕ್ರವಾರ ತಪ್ಪಸೂದಿಲ್ಲ. ಮೇಘಾ ಅವರ, ಒಂದೆರಡು ಮಾತು ಮೊದಲ ಹೇಳಿಬಿಡ್ತೀನಿ, ಬಯೋಡೇಟಾದಾಗ ಬರದಿರೂದಿಲ್ಲ ನೋಡ್ರಿ ಇಂಥಾವು. ‘ಸ್ವಂತ ಫ್ಲಾಟ್’ ಅಂತ ಹಾಕ್ಯಾರ, ಖರೆ ಅದ, ಆದ್ರ ಲೋನ್ ಇನ್ನೂ 11 ವರ್ಷ ಬಾಕಿ ಅದ, ಪಗಾರದಾಗ ಮೂರನೇ ಪಾಲು ಅದಕ್ಕ ಹೋಗ್ತದ. ಎರಡನೇದ್ದು, ಅಪ್ಪಾ 2019ರಾಗ ತೀರಿಕೊಂಡ್ರು, ಮನ್ಯಾಗ ನಾನು ಅವ್ವ ಇಬ್ರೇ. ಅವ್ವಗ ಮಂಡಿ ನೋವು, ಒಬ್ಬಾಕಿನ್ನ ಬಿಟ್ಟು ಬ್ಯಾರೆ ಇರೋದು ನನ್ನಿಂದ ಆಗೂದಿಲ್ಲ. ಇದು ನಿಮಗ ಒಗ್ಗದಿದ್ರ ಈಗಲೇ ಹೇಳ್ರಿ, ನಾ ಒಂಚೂರೂ ಬ್ಯಾಸರ ಮಾಡ್ಕೊಳ್ಳೂದಿಲ್ಲ, ದೊಡ್ಡವರಿಗೂ ನಾನ ತಿಳಿಸಿ ಹೇಳ್ತೀನಿ.

ರಾತ್ರಿ 10:15

ಮೇಘಾ: ಸ್ವಲ್ಪ ಯೋಚನೆ ಮಾಡಿ ಬರೀತಿದ್ದೆ. ಸೀದಾ ಹೇಳಿದ್ರಿ, ನನಗ ಅದು ಭಾಳ ಸೇರ್ತು. ಲೋನ್ ಯಾರಿಗಿಲ್ಲ ಹೇಳ್ರಿ. ಅವ್ವ ಅವರ ಜೋಡಿ ಇರೋದಕ್ಕೂ ನನ್ನ ಕಡಿಂದ ಏನೂ ತಕರಾರಿಲ್ಲ, ನಾ ನಮ್ಮ ಕಾಕಾ ಕಾಕು ಅಜ್ಜಿ ಎಲ್ಲಾ ಕೂಡಿ ಇದ್ದ ಮನ್ಯಾಗ ಬೆಳದಾಕಿ. ಈಗ ನನ್ನವು ಎರಡು ಮಾತು. ಈ ಕೆಲಸ ನಾ ಬಿಡಾಕಿ ಅಲ್ಲ. ಬಿಲ್ಡಿಂಗಿನ ಸ್ಟ್ರಕ್ಚರ್ ಡಿಸೈನ್ ಮಾಡ್ತೀನಿ, ಸೈಟಿಗೆ ಹೋಗಿ ನಾ ಲೆಕ್ಕ ಹಾಕಿದ ಕಾಲಂ ಎದ್ದು ನಿಂತದ್ದು ನೋಡಿದಾಗ ಆಗೋ ಖುಷಿ ಹೇಳ್ಲಿಕ್ಕೆ ಬರೂದಿಲ್ಲ. ಮುಂಬಯಿಗೆ ಬಂದ್ರ ಅಲ್ಲೇ ಇಂಥಾದ್ದ ಕೆಲಸ ಹುಡುಕ್ತೀನಿ, ಸಿಗೋತನಕ ಮದವಿ ತಾರೀಖ ಗಡಿಬಿಡಿ ಮಾಡಿ ಹಿಡಿಯೋದು ಬ್ಯಾಡ. ಎರಡನೇದ್ದು, ತಮ್ಮನ ಕಾಲೇಜ್ ಫೀ ನಾ ಕಟ್ತೀನಿ, ಇನ್ನೂ ಎರಡು ವರ್ಷ ಅದ, ಮದವಿ ಆದಮ್ಯಾಲೂ ಕಟ್ಟಾಕಿ. ಹಿಂದಕ ಒಂದು ಕಡೆ ಎಲ್ಲಾ ಕೂಡಿ ಬಂದಿತ್ತು, ಈ ಫೀ ಮಾತು ಬಂದ ಕೂಡ್ಲೇ ಅವರು ಸುಮ್ಮಾಗಿಬಿಟ್ರು, ಒಂದು ಫೋನೂ ಮಾಡ್ಲಿಲ್ಲ. ಅಪ್ಪಾ ಭಾಳ ನೊಂದ್ಕೊಂಡ್ರು. ಅದಕ್ಕ ಈ ಸಲ ನಾನ ಮೊದ್ಲು ಹೇಳ್ಬೇಕು ಅಂತ ಅನ್ಕೊಂಡಿದ್ದೆ.

ಪ್ರಸನ್ನ: ತಮ್ಮನ ಫೀ ಕಟ್ಟೋದ್ರಾಗ ಕೇಳೋದೇನದ್ರಿ, ನೀವು ದುಡದದ್ದು, ನಿಮ್ಮ ತಮ್ಮ. ಕೆಲಸದ ಬಗ್ಗೆನೂ ನನಗ ಅಭಿಮಾನನ ಅನಸ್ತದ. ನಾ ವಿಕ್ರೋಳಿಯಾಗ ಪಂಪ್ ಕಂಪನಿಯಾಗ ಕ್ವಾಲಿಟಿ ನೋಡ್ತೀನಿ, ಲೆಕ್ಕ ತಪ್ಪಿದ್ರ ಏನಾಗ್ತದ ಅಂತ ನನಗೂ ಗೊತ್ತದ. ಆದ್ರ ಲೋಕಲ್ ಬಗ್ಗೆ ಮೊದಲ ಹೇಳ್ತೀನಿ, ಡೊಂಬಿವಲಿಯಾಗ ಮುಂಜಾನೆ ಎಂಟರ ಹೊತ್ತಿಗೆ ಗಾಡಿ ಹತ್ತೋದು ಭಾಳ ಕಷ್ಟ, ಹೊಸದಾಗಿ ಬಂದವ್ರಿಗೆ ಅಂತೂ ಅಂಜಿಕಿ ಆಗ್ತದ. ಕೆಲಸ ಠಾಣೆ ಕಡೆ ಸಿಕ್ರ ಛಲೋ. ಆ ಕಡೆ ಬಿಲ್ಡಿಂಗ್ ಕೆಲಸ ಭಾಳ ನಡದಾವ.

ಮೇಘಾ: ಠಾಣೆ ನೋಡ್ತೀನಿ. ಒಂದು ಮಾತು, ದೊಡ್ಡವರು ಮುಂದಿನ ತಿಂಗಳು ಕನ್ಯಾ ನೋಡೋ ಶಾಸ್ತ್ರ ಇಟ್ಕೊಳ್ಳೋಣ ಅನ್ಲಿಕ್ಕೆ ಹತ್ಯಾರ, ಕುಂಡಲಿಯೊಳಗ 36ಕ್ಕ 24 ಗುಣ ಕೂಡ್ಯಾವಂತ ಅಪ್ಪಾ ಭಾಳ ಹುರುಪಿನಾಗ ಇದ್ದಾರ. ಅಷ್ಟು ಮಂದಿ ಮುಂದ ಉಪ್ಪಿಟ್ಟು ಕೊಟ್ಟು ತಲಿ ಬಗ್ಗಿಸಿ ಕೂತಾಗ ಮಾತಾಡ್ಲಿಕ್ಕೆ ಆಗೂದಿಲ್ಲ. ಅದಕ್ಕ ಮೊದ್ಲು ನಾವಿಬ್ರೂ ಒಮ್ಮೆ ಭೇಟಿ ಆಗೋಣೇನು? ಮನ್ಯಾಗ ಹೇಳಿನ.

ಪ್ರಸನ್ನ: ನಾನೂ ಇದನ್ನ ಹೆಂಗ ಕೇಳ್ಲಿ ಅಂತ ನೋಡ್ತಿದ್ದೆ. ಈ ರವಿವಾರ ನಡೀತದೇನು? ಕಲ್ಯಾಣದಿಂದ ಇಂದ್ರಾಯಣಿ ಹಿಡದ್ರ ಒಂಬತ್ತರ ಸುಮಾರಿಗೆ ಪುಣೆ ಸ್ಟೇಷನ್.

ಮೇಘಾ: ನಡೀತದ. ಸ್ಟೇಷನ್ನಿಂದ ವನಾಜ ಕಡೆ ಹೋಗೋ ಮೆಟ್ರೋ ಹಿಡದು ಡೆಕ್ಕನ್‌ದಾಗ ಇಳೀರಿ, ನಡುವ ಬದಲಿ ಮಾಡೋದಿಲ್ಲ. ನಾನೂ ಅದೇ ಲೈನಿನಾಗ ಆ ಕಡಿಂದ ಬರ್ತೀನಿ. ಎಫ್‌ಸಿ ರಸ್ತೆ ವೈಶಾಲಿಗೆ ಹೋಗೋಣ, ರವಿವಾರ ಹೆಸರು ಬರಸಿ ಹೊರಗ ನಿಂದ್ರಬೇಕಾಗ್ತದ, ನಿಂತಲ್ಲೇ ಮಾತಾಡಿದ್ರಾತು. ಸುಧಾ ಕಾಕುಗೂ ಹೇಳಿರ್ಲೇನು?

ಪ್ರಸನ್ನ: ಹೇಳ್ರಿ, ಮುಚ್ಚಿ ಇಡೋದು ಬ್ಯಾಡ. ಅವ್ವಗ ಈಗಷ್ಟ ಹೇಳಿದೆ, ನಿಮಗ ಗುರೆಳ್ಳು ಹಿಂಡಿ ಸೇರ್ತದೇನು ಕೇಳು ಅಂದ್ಲು, ಕಟ್ಟಿ ಕೊಡ್ತಾಳಂತ.

ಮೇಘಾ: ಅಯ್ಯ, ಭಾಳ ಸೇರ್ತದ! ಆದ್ರ ಅವರಿಗೆ ಮಂಡಿ ನೋವು ಅಂದ್ರಿ, ಇದಕ್ಕಂತ ನಿಂತು ಹುರದು ಕುಟ್ಟೋದು ಬ್ಯಾಡ ಅಂತ ಹೇಳ್ರಿ. ಮನ್ಯಾಗ ಇದ್ರ ಮಾತ್ರ ಒಂಚೂರು.

ಪ್ರಸನ್ನ: ಹೇಳಿದೆ. ಡಬ್ಬಿ ಆಗಲೇ ತೊಳದು ಬೋರಲು ಹಾಕ್ಯಾಳ. ಗಾಡಿ ಹತ್ತಿದ ಮ್ಯಾಲೆ ಮೆಸೇಜ್ ಮಾಡ್ತೀನ್ರಿ.